ಬಂಡಿಯ ಕಣ್ಣು ಒರೆಸುತ್ತಿದ್ದ ಅಕ್ಕ

ನಮ್ಮ ಹಾಸಿಗೆ ಕಾರ್ಖಾನೆಯಲ್ಲಿ ನಾವೆಲ್ಲ ಅಕ್ಕ ಎನ್ನುತ್ತಿದ್ದವರಿಗೆ ಇದ್ದದ್ದು ಒಂದೇ ಕೆಲಸ: ತಾನಾಗಿ ಓಡಾಡುವ ಸಾಮಾನಿನ ಬಂಡಿಯ ಕಣ್ಣು ಒರೆಸುವುದು. ಹದಿನೆಂಟು ವರ್ಷ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬೆನ್ನು ಹೋದ ಮೇಲೆ ಸಿಕ್ಕ ಹಗುರದ ಕೆಲಸ.

ಬಂಡಿಯ ಮೂತಿಯಲ್ಲಿದ್ದದ್ದು ಟೈಮ್ ಆಫ್ ಫ್ಲೈಟ್ ಸೆನ್ಸರ್. ಬೆಳಕು ಹೋಗಿ ಬರಲು ಹಿಡಿದ ಸಮಯದಿಂದ ದೂರ ಅಳೆಯುತ್ತದೆ. ಅದರ ಗಾಜಿನ ಮೇಲೆ ಹತ್ತಿಯ ಎಳೆ ಕೂತರೆ ಸಾಕು, ಎದುರಿಗೆ ಯಾರೋ ನಿಂತಿದ್ದಾರೆಂದು ಬಂಡಿ ನಿಂತೇಬಿಡುತ್ತದೆ. ಅಕ್ಕ ಗಂಟೆಗೊಮ್ಮೆ ಒರೆಸುತ್ತಿದ್ದರು. ಆದರೂ ದಿನಕ್ಕೆ ಹತ್ತು ಸಲ ನಿಲ್ಲುತ್ತಿತ್ತು, ಬೈಗುಳ ನನಗೆ. ನಾನು ಅಲ್ಲಿಯ ಟೆಕ್ನಿಷಿಯನ್. ನನಗೆ ಬುದ್ಧಿ ಇದೆಯೆಂದು ನಂಬಿದ್ದವನು ನಾನೊಬ್ಬನೇ.

ಅದರ ಬದಲು ಇನ್‌ಫ್ರಾರೆಡ್ ಸೆನ್ಸರ್ ಹಾಕಿ ನೋಡಿದೆ. ಅಗ್ಗದ್ದು. ತೀರಾ ಹತ್ತಿರ ಹಿಡಿದ ಕೈಯನ್ನು ದೂರದಲ್ಲಿದೆ ಎಂದು ಹೇಳಿತು, ಕಪ್ಪು ಬಟ್ಟೆಯನ್ನಂತೂ ಸರಿಯಾಗಿ ಗುರುತಿಸಲೇ ಇಲ್ಲ. ಕೊನೆಗೆ ಅಲ್ಟ್ರಾಸಾನಿಕ್ ಸೆನ್ಸರ್ ತಂದು ಕೂರಿಸಿದೆ. ಶಬ್ದ ಕಳಿಸಿ, ಅದು ಬಡಿದು ಮರಳುವುದನ್ನು ಕೇಳಿಸಿಕೊಳ್ಳುತ್ತದೆ. ಹತ್ತಿಯ ಧೂಳು ಅದಕ್ಕೆ ಲೆಕ್ಕಕ್ಕಿಲ್ಲ. ಎದುರಿಗೆ ಇಪ್ಪತ್ತು ಸಲ ರಟ್ಟಿನ ಡಬ್ಬಿ ಇಟ್ಟೆ, ಇಪ್ಪತ್ತು ಸಲವೂ ನಿಂತಿತು. ಸೂಪರ್‌ವೈಸರ್ ಬೆನ್ನು ತಟ್ಟಿದರು.

"ಹಂಗಾದ್ರೆ ಇದಕ್ಕೆ ಒರೆಸೋದು ಬೇಡ್ವಾ?" ಅಕ್ಕ ಕೇಳಿದರು.

"ಬೇಡಕ್ಕ. ಇನ್ಮೇಲೆ ನಿಮಗೆ ಆರಾಮ್."

"ನನಗೆ ಆರಾಮ್ ಕೊಡ್ತೀನಿ ಅಂದೋರೆಲ್ಲ ಕೆಲಸಾನೇ ಕಿತ್ಕೊಂಡಿದ್ದಾರೆ, ತಮ್ಮಾ."

ಅವರನ್ನು ಫೋಮ್ ಹೊರಲು ಹಾಕಿದರು. ನಾಲ್ಕನೆಯ ದಿನ, ತಮಗಿಂತ ಎತ್ತರದ ಫೋಮ್ ಹಾಳೆಯನ್ನು ಎದೆಗೆ ಅವುಚಿಕೊಂಡು ಬರುತ್ತಿದ್ದರು. ಅವರಿಗೆ ಬಂಡಿ ಕಾಣಲಿಲ್ಲ, ಬಂಡಿಗೆ ಅವರು ಕೇಳಿಸಲಿಲ್ಲ. ಮುಟ್ಟಿದರೆ ನಿಲ್ಲುವ ಬಂಪರ್ ಇತ್ತು. ಮೆತ್ತನೆಯ ಫೋಮಿಗೆ ಅದರ ಸ್ವಿಚ್ ಒತ್ತಿಕೊಳ್ಳಲೇ ಇಲ್ಲ. ಬಂಡಿ ನಿಂತದ್ದು ಅವರ ಪಾದ ಕಬ್ಬಿಣದ ರ‍್ಯಾಕಿಗೆ ಸಿಕ್ಕಿ ನಜ್ಜುಗುಜ್ಜಾದ ಮೇಲೆ.

"ಮುಂದೆ ನೋಡ್ದೆ ನಡೆದ್ಳು ಅಂತ ಬರೀ," ಸೂಪರ್‌ವೈಸರ್ ವರದಿಯ ಹಾಳೆ ಚಾಚಿದರು. ಹಾಗೆ ಬರೆದರೆ ಅಕ್ಕನ ಕೆಲಸ ಹೋಯಿತೆಂದೇ ಅರ್ಥ.

ಅವತ್ತು ಮಧ್ಯಾಹ್ನ ಅದೇ ಫೋಮ್ ಹಾಳೆಯನ್ನು, ಅಕ್ಕ ಹಿಡಿದಂತೆ ಕೊಂಚ ಓರೆಯಾಗಿ, ಬಂಡಿಯಿಂದ ಒಂದು ಮಾರು ದೂರದಲ್ಲಿ ಹಿಡಿದೆ. ಬಂಡಿಯ ಶಬ್ದವನ್ನು ಅದು ನುಂಗಿಹಾಕಿತು. ಅಳಿದುಳಿದದ್ದು ಓರೆಗೆ ತಾಗಿ ಬೇರೆಲ್ಲೋ ಹೋಯಿತು. ಬಂಡಿಯ ಪ್ರಕಾರ ದಾರಿ ಖಾಲಿ. ಹಾಸಿಗೆ ಕಾರ್ಖಾನೆಯಲ್ಲಿ ಇಪ್ಪತ್ತು ಸಲ ರಟ್ಟಿನ ಡಬ್ಬಿ ಇಟ್ಟ ಮಹಾನುಭಾವ ನಾನು! ಇಲ್ಲಿ ಯಾರೂ ರಟ್ಟು ಹೊರುವುದಿಲ್ಲ. ತಪ್ಪು ಅಕ್ಕನದಲ್ಲ, ನನ್ನ ಪರೀಕ್ಷೆಯದು ಎಂದು ವರದಿಯಲ್ಲಿ ಬರೆದು ಸಹಿ ಹಾಕಿದೆ.

ನನಗೆ ಎಚ್ಚರಿಕೆ ಪತ್ರ ಬಂತು. ಬಂಡಿಗೆ ಈಗ ಬೆಳಕಿನದು, ಶಬ್ದದ್ದು ಎರಡೂ ಸೆನ್ಸರ್ ಇವೆ. ಎರಡರಲ್ಲಿ ಯಾವುದೊಂದು ಅಡ್ಡಿ ಇದೆಯೆಂದರೂ ನಿಲ್ಲುತ್ತದೆ. ದಿನಕ್ಕೆ ಹತ್ತು ಸಲವಲ್ಲ, ಹದಿನೈದು ಸಲ ನಿಲ್ಲುತ್ತದೆ.

ಅಕ್ಕ ನಾಲ್ಕು ತಿಂಗಳ ಮೇಲೆ ಊರುಗೋಲು ಹಿಡಿದು ಬಂದರು. ಎಡಗಾಲಿನ ಬೆರಳುಗಳು ಇರಲಿಲ್ಲ. ಸ್ಟೂಲಿನ ಮೇಲೆ ಕೂತು ಗಾಜು ಒರೆಸಿದರು.

"ತಮ್ಮಾ, ಇನ್ನೊಂದು ಸಲ ನನಗೆ ಆರಾಮ್ ಕೊಡಬೇಡ."

ನಾನು ಬಗ್ಗಿ, ಜಾರಿಬಿದ್ದ ಅವರ ಊರುಗೋಲನ್ನು ಎತ್ತಿ ಗೋಡೆಗೆ ಒರಗಿಸಿದೆ.