ಹದಿನಾರನೇ ದಿನಕ್ಕೆ ಮುಗಿದ ಬಾಟಲಿ

ನಮ್ಮ ಕಾಕಾನ ಕಣ್ಣಿನ ಮಾತು ಬಂದರೆ ಮನೆಯಲ್ಲಿ ಒಂದೇ ಕಥೆ ಓಡುತ್ತದೆ. ಅಂವ ಔಷಧಿ ಹಾಕಿಕೊಳ್ಳಲಿಲ್ಲ, ಕೇರ್ ಮಾಡಲಿಲ್ಲ, ಅದಕ್ಕೇ ಎಡಗಣ್ಣಿನ ಬಾಜೂ ಮಬ್ಬಾಯಿತು. ಮೂಡಲಗಿಯಲ್ಲಿ ನಮ್ಮಪ್ಪ ಇದನ್ನು ಹೇಳುತ್ತಾನೆ, ಗೋಕಾಕದಲ್ಲಿ ಓಣಿಯವರು ಹೇಳುತ್ತಾರೆ. ಹುಕ್ಕೇರಿಗೆ ವಾರಕ್ಕೊಮ್ಮೆ ಬಂದು ಕಣ್ಣು ನೋಡುವ ಡಾಕ್ಟರು ಕಾಕಾನ ಹಾಳೆಯ ಮೇಲೆ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ. ಎಷ್ಟು ಜನ ಹೇಳಿದರು ಅನ್ನೋದು ಪುರಾವೆ ಅಲ್ಲ ಅಂತ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನೇ ಎಷ್ಟೋ ಸಲ ಕೈ ಎತ್ತಿ ವಾದಿಸಿದ್ದೇನೆ. ಆದರೆ ಈ ಕಥೆಯನ್ನು ಎಲ್ಲರಿಗಿಂತ ಜೋರಾಗಿ ಹೇಳಿಕೊಂಡು ತಿರುಗಿದವಳೂ ನಾನೇ. ಹಾಗಾಗಿ ಅದನ್ನು ಅಲ್ಲಗಳೆಯುವ ಕೆಲಸ ಬೇರೆಯವರಿಗೆ ಬಿಡುವಂತಿಲ್ಲ.

ಕಾಕಾ ಕಟ್ಟಿಗೆಯ ಹಣ್ಣುಗಳಿಗೆ ಬಣ್ಣ ಹಚ್ಚುವವನು. ಮಾವು, ಸೀತಾಫಲ, ಬದನೆಕಾಯಿ. ಕಟ್ಟಿಗೆ ಕೆತ್ತುವವರು ಬೇರೆ. ಕಾಕಾನ ಕೈಗೆ ಬರುವಾಗ ಅದು ಹಣ್ಣಿನ ಆಕಾರದ ಕಟ್ಟಿಗೆ, ಕೈಯಿಂದ ಹೋಗುವಾಗ ಮಕ್ಕಳು ಕಚ್ಚಿ ನೋಡುವಂಥ ಹಣ್ಣು. ಕಾಲೇಜಿನ ಸಲುವಾಗಿ ನಾನು ಗೋಕಾಕದಲ್ಲಿ ಅವನ ಮನೆಯಲ್ಲೇ ಇದ್ದೆ. ಅವನಿಗೆ ಗ್ಲಾಕೋಮಾ ಅಂತ ಗೊತ್ತಾದದ್ದೂ ಆ ಹೊತ್ತಿಗೇ. ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ನರ ಸೊರಗುತ್ತದೆ, ಈಗಾಗಲೇ ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಅಷ್ಟೇ ಅಂತ ಡಾಕ್ಟರು ತಿಳಿಸಿ ಹೇಳಿದರು. ಎರಡು ಬಾಟಲಿ ಬರೆದುಕೊಟ್ಟರು. ಎರಡೂ ಹನಿ, ಎರಡೂ ಕಣ್ಣಿಗೆ, ಮುಂಜಾನೆ ಒಮ್ಮೆ, ಸಂಜೆ ಒಮ್ಮೆ.

ಹನಿ ಶುರು ಮಾಡಿದ ಮೇಲೆ ಮೊದಲ ಸಲ ತೋರಿಸಲು ಹೋದಾಗ ಒತ್ತಡ ಇಳಿದಿರಲಿಲ್ಲ. ಎರಡನೇ ಸಲವೂ ಇಳಿದಿರಲಿಲ್ಲ. ಮೂರನೇ ಸಲ ನಾನೂ ಹುಕ್ಕೇರಿಗೆ ಜೊತೆಗೆ ಹೋಗಿದ್ದೆ. ಡಾಕ್ಟರು ಯಂತ್ರದಿಂದ ಮುಖ ಎತ್ತಿ, ಸಿಟ್ಟಿಲ್ಲದೆ, ದಣಿದ ದನಿಯಲ್ಲಿ ಕೇಳಿದರು:

"ದಿನಾ ಹಾಕ್ತೀರೇನ್ರಿ?"

"ಹಾಕತೇನ್ರಿ."

"ಹಾಕಿದ್ರ ಇಷ್ಟ್ಯಾಕ ಇರತಿತ್ರಿ? ಮುಂದಿನ ಸಲಾನೂ ಹಿಂಗ ಇದ್ರ ಆಪರೇಶನ್ ಮಾಡಬೇಕಾಗತೈತಿ ನೋಡ್ರಿ."

ಕಾಕಾ ತಲೆ ತಗ್ಗಿಸಿದ. ನಾನು ಅದನ್ನು ತಪ್ಪೊಪ್ಪಿಗೆ ಅಂತ ಓದಿಕೊಂಡೆ. ವಾದದಲ್ಲಿ ಎದುರಾಳಿ ಸುಮ್ಮನಾದರೆ ಗೆದ್ದಂತೆ; ನನಗೆ ಗೊತ್ತಿದ್ದ ಕಾನೂನು ಅದೊಂದೇ.

ಬಸ್ಸಿನಲ್ಲಿ ವಾಪಸ್ ಬರುವಾಗ ಘಟಪ್ರಭಾ ದಾಟುವತನಕ ನನ್ನ ಭಾಷಣ ನಡೆದಿತ್ತು. ಕಣ್ಣು ಹೋದರೆ ಬಣ್ಣ ಯಾರು ಹಚ್ಚುತ್ತಾರೆ, ಅವನ ಹೆಂಡತಿ, ನಮ್ಮ ಚಿಗವ್ವನ ಗತಿ ಏನು, ಎರಡು ಹನಿ ಹಾಕಿಕೊಳ್ಳೋದು ಅಷ್ಟು ದೊಡ್ಡ ಕೆಲಸವೇ ಅಂತ. ಕಾಕಾ ಕಿಟಕಿಯ ಕಡೆ ನೋಡುತ್ತ ಒಂದೇ ಮಾತು ಅಂದ: "ನಮ್ಮನ್ಯಾಗ ವಕೀಲರ ಫೀ ಉಳೀತ ನೋಡು." ಹಿಂದಿನ ಸೀಟಿನ ಹೆಣ್ಣುಮಗಳು ನಕ್ಕಳು. ನಾನು ನಗಲಿಲ್ಲ. ಆಪರೇಶನ್ ಅಂದಾಗಿನಿಂದ ಅವನ ಕೈ ಮಡಿಲಲ್ಲಿದ್ದ ಚೀಲದ ಹಿಡಿಕೆಯನ್ನು ಹೊಸೆಯುತ್ತಲೇ ಇತ್ತು. ಅದನ್ನು ನೋಡಿಯೂ ನಾನು ನಿಲ್ಲಿಸಲಿಲ್ಲ.

ಮನೆಗೆ ಬಂದು ಪುರಾವೆ ಕಲೆಹಾಕಲು ಕುಳಿತೆ. ಚಿಗವ್ವ ಹೊಸ ಬಾಟಲಿ ತಂದಳು. ಎರಡರ ಚೀಟಿಯ ಮೇಲೂ ಒಡೆದ ತಾರೀಕು ಬರೆದೆ. ಮೆಡಿಕಲ್ ಶಾಪಿನವರನ್ನು ಮೊದಲೇ ಕೇಳಿಕೊಂಡು ಬಂದಿದ್ದೆ: ಬರೆದ ಪ್ರಕಾರ ಹಾಕಿದರೆ ಬಾಟಲಿ ಒಂದು ತಿಂಗಳ ಆಜೂಬಾಜೂ ಬರುತ್ತದೆ. ತಿಂಗಳ ಕೊನೆಗೆ ಅರ್ಧ ಉಳಿದಿರುತ್ತದೆ, ಅದನ್ನು ಕಾಕಾನ ಮುಂದೆ ಎತ್ತಿ ಹಿಡಿದು ಕೇಸು ಮುಗಿಸುವುದು ಅಂತ ನನ್ನ ಲೆಕ್ಕ.

ಹದಿನಾರನೇ ದಿನ ಚಿಗವ್ವ ಒಂದು ಬಾಟಲಿ ಖಾಲಿಯಾಯಿತು ಅಂದಳು. ಇನ್ನೊಂದರಲ್ಲಿ ತಳಕ್ಕೆ ಸ್ವಲ್ಪ ಇತ್ತು.

ನಾನು ಬಾಟಲಿ ಅಲುಗಾಡಿಸಿ ನೋಡಿದೆ. ಯಾವಾಗಲೂ ಹಿಂಗೇ ಬೇಗ ಮುಗಿಯುತ್ತದೇನು ಅಂತ ಕೇಳಿದರೆ, ಹೂಂ, ಪಾಪ, ಬಾಟಲಿನೇ ಸಣ್ಣದು ಅಂದಳು. ನನ್ನ ವಾದಕ್ಕೆ ಬೇಕಾದ ಹಾಗೆ ಕಡಿಮೆ ಅಲ್ಲ, ಬರೆದದ್ದರ ಎರಡು ಪಟ್ಟು ಔಷಧಿ ಹೋಗುತ್ತಿತ್ತು. ಸುಲಭಕ್ಕೆ ಸೋಲಲು ನನಗೂ ಬರುವುದಿಲ್ಲ, ಬಚ್ಚಲಿಗೆ ಚೆಲ್ಲುತ್ತಿರಬಹುದು ಅಂತ ಇನ್ನೊಂದು ಅನುಮಾನ ಹುಟ್ಟಿಸಿಕೊಂಡೆ. ಅಂದೇ ಚಿಗವ್ವ ಹೊಸ ಬಾಟಲಿ ತಂದಿಟ್ಟಳು. ಮರುದಿನ ಮುಂಜಾನೆ ಚಹಾದ ಕಪ್ಪು ಹಿಡಿದು, ಅವನು ಬಣ್ಣ ಹಚ್ಚಲು ಕೂರುವ ಕಿಟಕಿಯ ಬಳಿ ಹೋಗಿ ಕುಳಿತೆ.

ನೋಡಿದ್ದು ಇಷ್ಟು. ಕಾಕಾ ಬಾಟಲಿಯನ್ನು ಬ್ರಶ್ ಹಿಡಿದ ಹಾಗೆ ಮೂರು ಬೆರಳಲ್ಲಿ ಹಿಡಿದ. ತಲೆಯನ್ನು ಸ್ವಲ್ಪವೇ ಹಿಂದೆ ಬಾಗಿಸಿದ. ಬಾಟಲಿಯ ಮೂತಿಯನ್ನು ರೆಪ್ಪೆಯ ಅಂಚಿಗೆ ತಾಗಿಸಿ, ತಾಗಿತು ಅಂತ ಖಾತ್ರಿ ಆದ ಮೇಲೆ ಹಿಚುಕಿದ. ಒಂದಲ್ಲ, ಎರಡು ಹನಿ. ಕಣ್ಣು ಪಟಪಟ ಬಡಿದ. ಅರ್ಧ ಗಲ್ಲದ ಮೇಲೆ ಇಳಿಯಿತು. ಅದು ಗಡ್ಡ ಮುಟ್ಟುವುದರೊಳಗೆ ಎರಡನೇ ಬಾಟಲಿ ಎತ್ತಿ ಅದನ್ನೂ ಹಾಗೇ ಹಾಕಿದ. ಆಮೇಲೆ ಹೆಗಲ ಮೇಲಿನ ಟವೆಲ್‌ನಿಂದ ಕಣ್ಣು ಒರೆಸಿ, ಅದೇ ಟವೆಲ್‌ನಿಂದ ಬಾಟಲಿಗಳ ಮೂತಿಯನ್ನೂ ಜೋಪಾನವಾಗಿ ಒರೆಸಿ ಮುಚ್ಚಳ ಹಾಕಿದ. ಬ್ರಶ್ ಒರೆಸುವುದೂ ಅದೇ ಟವೆಲ್ಲಿಗೆ. ಒಂದು ವಾರದಿಂದ ಅವನ ಕಣ್ಣು ಕೆಂಪಗಿದ್ದವು, ಮುಂಜಾನೆ ಗೀಜು ಕಟ್ಟುತ್ತಿದ್ದವು. ಬಣ್ಣದ ಘಾಟಿಗೆ ಅಂತ ನಾವೆಲ್ಲ ತಿಳಿದಿದ್ದೆವು.

ಯಾಕೆ ತಾಗಿಸುತ್ತೀ ಅಂತ ಕೇಳಿದೆ. ನನ್ನನ್ನು ದಡ್ಡಿಯ ಹಾಗೆ ನೋಡಿದ.

"ತಾಗಿಸಲಾರದ ಹೆಂಗ ಗೊತ್ತಾಗಬೇಕ ಮಗಳ, ಎಲ್ಲಿ ಐತಿ ಅಂತ? ಬ್ರಶ್ ಗಾಳಿಯಾಗ ಹಿಡದ್ರ ಬಣ್ಣ ಹತ್ತತೈತೇನು?"

ಮೂತಿಗೆ ಹೊಲಸು ಹತ್ತುವುದಿಲ್ಲವೇ ಅಂದರೆ, ಔಷಧಿಗೇ ಎಲ್ಲಿಯ ಹೊಲಸು, ಹುಳ ಇದ್ದರೆ ಅದರಲ್ಲೇ ಸಾಯುತ್ತವೆ ಅಂದ. ವರ್ಷವಿಡೀ ಅವನಿಗೆ ಹಾಕು ಹಾಕು ಅಂತ ಹೇಳಿದ ನನಗೂ, ಹೇಗೆ ಹಾಕಬೇಕು ಅನ್ನೋದು ಗೊತ್ತಿರಲಿಲ್ಲ.

ಆ ವಾರವೇ ಹುಕ್ಕೇರಿಗೆ ಹೋದೆವು. ಡಾಕ್ಟರ ಕೋಣೆಗೆ ಹೋಗುವ ಮೊದಲು, ಹೊರಗೆ ಹನಿ ಹಾಕುವ ಸಿಸ್ಟರ್ ಮುಂದೆ ಕಾಕಾನನ್ನು ಕೂರಿಸಿ, ಮನೆಯಲ್ಲಿ ಹಾಕಿಕೊಂಡ ಹಾಗೆಯೇ ಹಾಕಿ ತೋರಿಸು ಅಂದೆ. ತೋರಿಸಿದ. ಸಿಸ್ಟರ್ ನಡುವೆ ಬಾಯಿ ಹಾಕದೆ ಪೂರ್ತಿ ನೋಡಿದರು. ಆಮೇಲೆ ಬಾಟಲಿಗಳನ್ನು ಅವನ ಕೈಯಿಂದ ತೆಗೆದುಕೊಂಡು ಕಸದ ಡಬ್ಬಿಗೆ ಹಾಕಿಬಿಟ್ಟರು. ಕಾಕಾ ಅಯ್ಯೋ ಅಂದದ್ದು ಇಡೀ ವರಾಂಡಕ್ಕೆ ಕೇಳಿಸಿತು.

ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಒಂದು ಹನಿಯನ್ನೂ ಕಣ್ಣು ಪೂರ್ತಿ ಹಿಡಿದಿಟ್ಟುಕೊಳ್ಳುವುದಿಲ್ಲ. ಎರಡು ಹನಿ ಹಾಕಿದರೆ ಉಳಿದದ್ದು ಗಲ್ಲಕ್ಕೆ. ಮೊದಲನೆಯದು ಒಳಗೆ ಇಳಿಯುವ ಮೊದಲೇ ಎರಡನೆಯದನ್ನು ಹಾಕಿದರೆ, ಅದು ಮೊದಲನೆಯದನ್ನು ತೊಳೆದುಕೊಂಡು ಹೋಗುತ್ತದೆ. ಆದ್ದರಿಂದ ನಡುವೆ ಕಡಿಮೆ ಅಂದರೂ ಐದು ನಿಮಿಷ ಬಿಡಬೇಕು, ಹತ್ತು ಬಿಟ್ಟರೆ ಇನ್ನೂ ಒಳ್ಳೆಯದು. ಇನ್ನು ಮೂತಿ: ಅದು ರೆಪ್ಪೆಗೆ, ಬೆರಳಿಗೆ, ಟವೆಲ್ಲಿಗೆ ತಾಗಿದರೆ ಅಲ್ಲಿಯ ರೋಗಾಣು ಬಾಟಲಿಯೊಳಗೆ ಹೋಗುತ್ತವೆ, ಮುಂದಿನ ಹನಿಯ ಜೊತೆ ಕಣ್ಣಿಗೆ ಬರುತ್ತವೆ. ಇದು ಒತ್ತಡ ಇಳಿಸುವ ಔಷಧಿ, ರೋಗಾಣು ಕೊಲ್ಲುವ ಔಷಧಿ ಅಲ್ಲ. ಕೆಡದಂತೆ ಸ್ವಲ್ಪ ಏನೋ ಸೇರಿಸಿರುತ್ತಾರೆ, ದಿನಾ ಎರಡು ಸಲ ಟವೆಲ್ಲಿಗೆ ಒರೆಸಿದರೆ ಅದೂ ಸಾಲುವುದಿಲ್ಲ.

ಆಮೇಲೆ ಸೋಪು ಹಚ್ಚಿ ಕೈ ತೊಳೆಸಿ ಮಾಡಿಸಿದರು. ತಲೆ ಪೂರ್ತಿ ಹಿಂದಕ್ಕೆ. ಒಂದು ಬೆರಳಿಂದ ಕೆಳಗಿನ ರೆಪ್ಪೆ ಜಗ್ಗಿದರೆ ಸಣ್ಣ ಕಿಸೆಯ ಹಾಗೆ ಆಗುತ್ತದೆ, ಅದರೊಳಗೆ ಮೇಲಿಂದ ಒಂದೇ ಹನಿ. ಕಣ್ಣು ಬಡಿಯದೆ ಮೆಲ್ಲಗೆ ಮುಚ್ಚಿ, ಮೂಗಿನ ಬಾಜೂ ಕಣ್ಣಿನ ಮೂಲೆಯನ್ನು ಬೆರಳಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಔಷಧಿ ಮೂಗು ಗಂಟಲಿಗೆ ಇಳಿಯುತ್ತದೆ. ಐದು ನಿಮಿಷದ ಮಾತು ಕಾಕಾನಿಗೆ ಕೂಡಲೇ ಒಪ್ಪಿಗೆಯಾಯಿತು. "ಅಂದ್ರ ಬಿಳಿ ಬಣ್ಣ ಆರೂದರಾಗ ಕೆಂಪ ಹಚ್ಚಿದಂಗ," ಅಂದ. "ಮೊದಲ ಯಾಕ ಹೇಳಲಿಲ್ರಿ?" ಸಿಸ್ಟರ್, ನೀವು ಮೊದಲ ಯಾಕ ಕೇಳಲಿಲ್ರಿ ಅಂದರು. ಇಬ್ಬರೂ ನಕ್ಕರು.

ಕೆಂಪು ಕಣ್ಣಿಗೆ ಡಾಕ್ಟರು ಬೇರೆ ಹನಿ ಬರೆದರು, ಅದು ಸೋಂಕು ಅಂದರು. ಹಳೆಯ ಎರಡು ಔಷಧಿಯ ಹೊಸ ಬಾಟಲಿ ತಂದೆವು. ಒಂದೂವರೆ ತಿಂಗಳು ನೋಡೋಣ, ಇಳಿಯದಿದ್ದರೆ ಆಪರೇಶನ್ ಗ್ಯಾರಂಟಿ ಅಂದರು.

ಕಷ್ಟವಾದದ್ದು ತಾಗಿಸದೆ ಹಾಕುವುದು. ಜೀವಮಾನವಿಡೀ ತಾಗಿಸಿಯೇ ಕೆಲಸ ಮಾಡಿದ ಕೈ. ಬಾಟಲಿ ಕಣ್ಣಿನ ಮೇಲೆ ಬಂದ ಕೂಡಲೇ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ಮೊದಮೊದಲು ಚಿಗವ್ವ ಹಾಕುತ್ತಿದ್ದಳು. ಆದರೆ ಅವಳು ಮುಂಜಾನೆ ಕೆಲಸಕ್ಕೆ ಹೋಗುವವಳು, ದಿನಾ ಆಗುವ ಮಾತಲ್ಲ. ಕಡೆಗೆ ಕಾಕಾ ಒಂದು ಖಾಲಿ ಬಾಟಲಿಗೆ ನೀರು ತುಂಬಿಕೊಂಡು, ಬಣ್ಣ ಹಚ್ಚದ ಕಟ್ಟಿಗೆಯ ಮಾವಿನಹಣ್ಣನ್ನು ಮುಂದಿಟ್ಟು, ಅದರ ತೊಟ್ಟಿನ ಕುಳಿಗೆ ಮೇಲಿಂದ ಹನಿ ಬೀಳಿಸುವುದನ್ನು ರೂಢಿ ಮಾಡತೊಡಗಿದ. ಎರಡು ದಿನ ಹಣ್ಣು ಬರೀ ತೋಯ್ದಿತು. ಮೂರನೇ ದಿನ ಅವನಿಗೇ ಹೊಳೆಯಿತು. ತೊಟ್ಟಿನ ಸಣ್ಣ ಗೆರೆ ಎಳೆಯುವಾಗ ಕಿರುಬೆರಳನ್ನು ಹಣ್ಣಿನ ಮೇಲೆ ಊರುತ್ತಾನೆ, ಕೈ ಅಲುಗಾಡದಿರಲಿ ಅಂತ. ಹಾಗೇ ಅಂಗೈಯ ಅಂಚನ್ನು ಹಣೆಯ ಮೇಲೆ ಊರಿದ. ಬಾಟಲಿ ಕಣ್ಣಿನಿಂದ ಬೆರಳಗಲ ಮೇಲೆ ನಿಂತಿತು. ಒಂದು ಹನಿ ಬಿತ್ತು. ಗಲ್ಲಕ್ಕೆ ಏನೂ ಇಳಿಯಲಿಲ್ಲ.

"ಥಣ್ಣಗಾತು," ಅಂದ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಬಾಜೂ ಒತ್ತಿಕೊಂಡು, ಗಡಿಯಾರ ನೀನೇ ನೋಡು ಅಂತ ನನಗೆ ಸನ್ನೆ ಮಾಡಿದ. ಆ ಐದು ನಿಮಿಷ ಬಹಳ ಉದ್ದ. ಮಾತಾಡದೆ ಕೂತಿರುವುದು ನನಗೆ ಅಭ್ಯಾಸವಿಲ್ಲ.

ಒಂದೂವರೆ ತಿಂಗಳ ಮೇಲೆ ಡಾಕ್ಟರು ಎರಡು ಸಲ ಒತ್ತಡ ಅಳೆದರು. ಯಂತ್ರದ ಮೇಲೆ ಅನುಮಾನ ಬಂದಿರಬೇಕು. ಇಳಿದಿತ್ತು. ಆಪರೇಶನ್ ಸದ್ಯಕ್ಕೆ ಬೇಡ, ಇದನ್ನೇ ನಡೆಸಿಕೊಂಡು ಹೋಗ್ರಿ ಅಂದರು. "ಈಗ ಸರಿಯಾಗಿ ಹಾಕಾಕತ್ತೀರಿ ನೋಡ್ರಿ," ಅಂತ ಬೆನ್ನು ತಟ್ಟಿದರು. ಹೇಗೆ ಹಾಕುತ್ತೀರಿ ಅಂತ ಮೊದಲೇ ಕೇಳದ್ದು ಅವರ ತಪ್ಪು ಅಂತ ನಾನು ಹೇಳಲಾರೆ. ಹೊರಗೆ ಸಾಲು ಬಾಗಿಲ ತನಕ ಇತ್ತು. ಆದರೆ ಆ ಒಂದು ವರ್ಷದಲ್ಲಿ ಎಡಗಣ್ಣಿನ ಹೊರಬದಿಯ ನೋಟ ಇನ್ನಷ್ಟು ಹೋಗಿತ್ತು ಅಂತ ಪರೀಕ್ಷೆಯ ಹಾಳೆಯಲ್ಲಿ ಕಾಣುತ್ತಿತ್ತು. ಈಗ ಕಾಕಾ ಬಣ್ಣದ ಬಟ್ಟಲುಗಳನ್ನೆಲ್ಲ ಬಲಕ್ಕೆ ಇಟ್ಟುಕೊಳ್ಳುತ್ತಾನೆ. ಎಡಗಡೆಯಿಂದ ಯಾರಾದರೂ ಬಂದು ಕುಳಿತರೆ ಬೆಚ್ಚುತ್ತಾನೆ.

ನಮ್ಮಪ್ಪನಿಗೆ ಫೋನಿನಲ್ಲಿ ಎಲ್ಲ ತಿಳಿಸಿ ಹೇಳಿದೆ. ಪೂರ್ತಿ ಕೇಳಿ, ಏನಾದರೂ ಆಗಲಿ ಈಗಾದರೂ ಹಾಕಿಕೊಳ್ಳತಾನಲ್ಲ ಬಿಡು ಅಂದ. ಕಥೆ ಬದಲಾಗಲಿಲ್ಲ.

ಮೊನ್ನೆ ಸಂಜೆ ಕಾಕಾ ಮೊದಲ ಹನಿ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದಾಗ ಕೇಳಿಯೇಬಿಟ್ಟೆ. ಬಲಗಡೆಗೇ ಕುಳಿತಿದ್ದೆ.

"ಕಾಕಾ, ನೀ ದಿನಾ ಹಾಕತಿದ್ದಿ. ಡಾಕ್ಟರ್ ಇಲ್ಲ ಅಂದ್ರು, ಅಪ್ಪ ಇಲ್ಲ ಅಂದ, ನಾ ಬಸ್ಸಿನ ತುಂಬ ಒದರಿದೆ. ಒಂದ ಸಲರೆ ಜೋರಾಗಿ, ನಾ ಖರೇನ ಹಾಕತೇನಿ ಅಂತ ಯಾಕ ಅನಲಿಲ್ಲ ನೀ?"

"ಹಾಕತೇನ್ರಿ ಅಂತ ಅಂದಿದ್ನೆಲ್ಲ ಮಗಳ," ಅಂದ ಕಾಕಾ ಕಣ್ಣು ತೆರೆಯದೆಯೇ, "ಈಗ ಗಡಿಯಾರ ನೋಡು."