ಬರಿಗೈಯಲ್ಲಿ ಇಳಿದವರ ಲೆಕ್ಕ

ಬಸ್ಸಿನ ಕೆಲಸದಿಂದ ನಿವೃತ್ತರಾದ ಮೇಲೆ ಕಂಡಕ್ಟರ್ ತಮ್ಮ ಹೆಂಡತಿಯ ಚಪ್ಪಲಿ ಅಂಗಡಿಯಲ್ಲಿ ಒಂದು ಸ್ಟೂಲು ಹಿಡಿದರು. ಬಾಯಿಗೆ ಮಾತ್ರ ನಿವೃತ್ತಿಯಾಗಿರಲಿಲ್ಲ. ಗಿರಾಕಿಯ ಕಾಲಳತೆ ತೆಗೆಯುವಷ್ಟರಲ್ಲಿ ಅವರ ಮಾವನ ಮನೆ, ಮಂಡಿನೋವು ಎಲ್ಲವನ್ನೂ ವಿಚಾರಿಸಿ ಮುಗಿಸುತ್ತಿದ್ದರು.

“ನಿಮ್ಮ ಮಾತಿಗೆ ಜನ ಓಡ್ತಿದಾರೆ ಕಣ್ರೀ,” ಎಂದರು ಹೆಂಡತಿ. “ನಾಲ್ಕು ವಾರ ನೀವು ಮನೇಲಿರಿ, ಏನೂ ಕೊಳ್ಳದೆ ಹೋಗೋರನ್ನ ನಾನು ಎಣಿಸ್ತೀನಿ. ಆಮೇಲೆ ನೀವು ಕೂತು ಎಣಿಸಿ. ನಿಜ ಅಂತಾದ್ರೆ ಸ್ಟೂಲು ಅಟ್ಟಕ್ಕೆ.”

ಕಂಡಕ್ಟರಿಗೆ ಮನೆಯಲ್ಲಿ ಮಾತಾಡಿಸಲು ಗೋಡೆಗಳನ್ನು ಬಿಟ್ಟರೆ ಯಾರಿದ್ದಾರೆ?

ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಮಗಳು ಲ್ಯಾಪ್‌ಟಾಪ್ ತೆರೆದು ಕೂತಳು. “ಮೂರೇ ಅಂಕಿ. ಏರುಪೇರಾದ್ರೆ ನಾವು ಏನಾದ್ರೂ ಮಾಡೋ ಹಾಗಿರ್ಬೇಕು.”

“ಎಷ್ಟು ಜನ ನಕ್ಕರು ಅಂತ ಹಾಕು,” ಎಂದರು ಕಂಡಕ್ಟರ್.

“ನಗೋರು ಕಮ್ಮಿಯಾದ್ರೆ ಏನ್ಮಾಡ್ತೀಯಪ್ಪ?”

“ಇನ್ನೊಂದು ಜೋಕು ಹೇಳ್ತೀನಿ.”

“ಅದನ್ನೇ ಅಲ್ವಾ ನಿಲ್ಲಿಸಬೇಕಾಗಿರೋದು!” ಎಂದರು ಹೆಂಡತಿ.

ಕೊನೆಗೆ ಉಳಿದದ್ದು ವಾರದ ವ್ಯಾಪಾರ, ಬಿಲ್ಲುಗಳ ಸಂಖ್ಯೆ, ಬರಿಗೈಯಲ್ಲಿ ಹೋದವರು. ಮೊದಲೆರಡು ಬಿಲ್ಲಿನಿಂದ ತಾವಾಗಿಯೇ ಲ್ಯಾಪ್‌ಟಾಪಿನ ಲೆಕ್ಕದ ಹಾಳೆಗೆ ಬರುತ್ತವೆ. ಮೂರನೆಯದಕ್ಕೆ ಫೋನಿನಲ್ಲಿ ಒಂದು ಗುಂಡಿ ಒತ್ತಬೇಕು. ಪ್ರತಿ ಸೋಮವಾರ ಬೆಳಿಗ್ಗೆ ಹಾಳೆಯೇ ಕಳೆದ ವಾರವನ್ನು ಅದರ ಹಿಂದಿನ ನಾಲ್ಕು ವಾರಗಳ ಸರಾಸರಿಗೆ ಹೋಲಿಸಿ, ಐದನೇ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಫೋನಿಗೆ ಎಚ್ಚರಿಕೆ ಕಳಿಸುತ್ತದೆ. ಇಲ್ಲದಿದ್ದರೆ “ಎಲ್ಲ ಸರಿ” ಎನ್ನುತ್ತದೆ.

“ಸರಿಯಿದ್ರೆ ಯಾಕೆ ಹೇಳ್ಬೇಕು?”

“ಏನೂ ಹೇಳ್ದಿದ್ರೆ ಕೆಟ್ಟು ಕೂತಿದೆ ಅಂತ ಗೊತ್ತಾಗ್ಲಿ ಅಂತ, ಅಮ್ಮ.”

ಹೆಂಡತಿಯ ನಾಲ್ಕು ವಾರ ಮುಗಿದು ಕಂಡಕ್ಟರ್ ಸ್ಟೂಲೇರಿದರು. ಮಾತು ಬಿಗಿಹಿಡಿದು, ಗುಂಡಿ ಒತ್ತುತ್ತಾ, ವಾರವಿಡೀ ತಪಸ್ಸಿಗೆ ಕೂತಂತೆ ಕೂತರು. ಸೋಮವಾರ ಫೋನು ಟಿಣ್ಣೆಂದಿತು: ಬರಿಗೈಯವರು ಮೂರು ಪಟ್ಟು!

ಹೆಂಡತಿ ಏಣಿ ತಂದರು. ಕಂಡಕ್ಟರ್ ಸ್ಟೂಲನ್ನು ಅವುಚಿಕೊಂಡರು.

“ತಾಳಮ್ಮ,” ಎಂದಳು ಮಗಳು. “ವ್ಯಾಪಾರ, ಬಿಲ್ಲು ಎರಡೂ ಅಲ್ಲಾಡಿಲ್ಲ. ಇದೊಂದೇ ಹೆಂಗೆ ಹಾರ್ತು?” ಗುಂಡಿ ಒತ್ತಿದ ಹೊತ್ತುಗಳನ್ನು ನೋಡುತ್ತಾ ಹುಬ್ಬೇರಿಸಿದಳು. “ಅಪ್ಪ, ದಿನಾ ರಾತ್ರಿ ಬಾಗಿಲು ಹಾಕೋ ಹೊತ್ತಲ್ಲಿ ಎರಡು ಸಲ ಒತ್ತಿದೀಯಲ್ಲ?”

“ಒಂದು ನಿಮ್ಮಮ್ಮನಿಗೆ, ಒಂದು ನಂಗೆ.”

“ಅಂದ್ರೆ?”

“ಇಬ್ರೂ ಅಂಗಡಿಯಿಂದ ಬರಿಗೈಯಲ್ಲೇ ತಾನೇ ಇಳಿದಿದ್ದು! ಪೋಸ್ಟಿನವನು, ವಿಳಾಸ ಕೇಳೋಕೆ ಬಂದವ್ರು, ಟೀಗೆ ಹೋದಾಗೆಲ್ಲ ನಾನು, ಯಾರನ್ನೂ ಬಿಟ್ಟಿಲ್ಲ. ಬಸ್ಸಲ್ಲಿ ಒಂದು ತಲೆ ಲೆಕ್ಕ ತಪ್ಪಿದ್ರೂ ಯಾರನ್ನೂ ಇಳಿಯೋಕೆ ಬಿಟ್ಟವನಲ್ಲ ನಾನು.”

ಹೆಂಡತಿ ಏಣಿಯನ್ನು ಗೋಡೆಗೊರಗಿಸಿ ನಕ್ಕರು. ನಗು ನಿಲ್ಲದೆ ಅದೇ ಸ್ಟೂಲಿನ ಮೇಲೆ ಕುಸಿದರು.

ಮಗಳು ಗುಂಡಿಯ ಮೇಲೆ ಬರೆದಳು: ಚಪ್ಪಲಿ ನೋಡಿ, ಕೊಳ್ಳದೆ ಹೋದವರು ಮಾತ್ರ. ಲೆಕ್ಕ ತಪ್ಪಿದ ವಾರದ ಮೂರನೆಯ ಅಂಕಿಯನ್ನು ಸರಾಸರಿಯಿಂದ ತೆಗೆದಳು. ಮರುವಾರ ಕಂಡಕ್ಟರ್ ಎಂದಿನಂತೆ ಮಾತಾಡುತ್ತಲೇ ಎಣಿಸಿದರು.

ಸೋಮವಾರ: ಎಲ್ಲ ಸರಿ.

ಕಂಡಕ್ಟರ್ ಆ ಸಂದೇಶವನ್ನು ಅಂಗಡಿಗೆ ಬಂದ ಮೊದಲ ಗಿರಾಕಿಗೆ ತೋರಿಸಿದರು. ಅಷ್ಟಕ್ಕೆ ಬಿಡದೆ, ಮೊದಲಿನಿಂದ ವಿವರಿಸತೊಡಗಿದರು. ಸರಾಸರಿಯವರೆಗೆ ಬರುವಷ್ಟರಲ್ಲಿ ಆತ ಹಾಕಿ ನೋಡುತ್ತಿದ್ದ ಚಪ್ಪಲಿ ಬಿಟ್ಟು ಮೆಲ್ಲಗೆ ಜಾರಿಕೊಂಡ.

ಹೆಂಡತಿ ಫೋನನ್ನು ಮುಂದೆ ಹಿಡಿದರು.

“ಒತ್ರೀ.”

ಕಂಡಕ್ಟರ್ ಒತ್ತಿದರು.