ನಾನು ಒರೆಸಿದ ನಾಲ್ಕು

ನಾನು ಕಲಿತದ್ದು ನಾಲ್ಕನೆಯ ತರಗತಿ. ಕೊಪ್ಪಳದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಕಸ ಗುಡಿಸುವುದು, ನೀರು ತುಂಬುವುದು, ಬೋರ್ಡ್ ಒರೆಸುವುದು ನನ್ನ ಕೆಲಸ. ಒಬ್ಬ ಮಾಸ್ತರು ಹೊರಗೆ ಹೋಗಿ ಇನ್ನೊಬ್ಬರು ಒಳಗೆ ಬರುವಷ್ಟರಲ್ಲಿ ಬೋರ್ಡ್ ಕರ್ರಗೆ ಇರಬೇಕು. ಹನ್ನೆರಡು ವರ್ಷ ಹಾಗೆಯೇ ಇಟ್ಟಿದ್ದೇನೆ. ಓದದವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದಿಲ್ಲ ಎಂದು ಜನ ಹೇಳಿದರು, ನಾನೂ ನಂಬಿದೆ.

ನನ್ನ ಮೊಮ್ಮಗಳು, ಮಗಳ ಮಗಳು, ಬೇವೂರಿನಿಂದ ಬಂದು ಭಾಗ್ಯನಗರದಲ್ಲಿ ನನ್ನ ಹತ್ತಿರವೇ ಇದ್ದು ಓದಿದಳು. ಗಣಿತದಲ್ಲಿ ಎಂ.ಎಸ್ಸಿ. ಮಾಡಿದಳು. ನಮ್ಮ ಕಡೆ ಅಜ್ಜಿಗೆ ಅಮ್ಮ ಎನ್ನುತ್ತಾರೆ, ಹೆತ್ತವಳಿಗೆ ಅವ್ವ. ಅವಳೂ ನನ್ನನ್ನು ಅಮ್ಮಾ ಎಂದೇ ಕರೆಯುತ್ತಿದ್ದಳು. ಓದು ಮುಗಿದು ಎರಡು ವರ್ಷವಾದರೂ ಕೆಲಸವಿರಲಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಕಾಲೇಜಿಗೇ ಗಣಿತದ ಒಂದು ಹುದ್ದೆ ಬಂತು. ಅರ್ಜಿ ಹಾಕಿದವರು ಇಬ್ಬರೇ. ಒಬ್ಬಳು ನನ್ನ ಮೊಮ್ಮಗಳು, ಇನ್ನೊಬ್ಬ ಕಾಲೇಜಿನ ಸೆಕ್ರೆಟರಿಯ ಅಕ್ಕನ ಮಗ. ಇಬ್ಬರೂ ಖಾಲಿ ಕ್ಲಾಸಿನಲ್ಲಿ ಒಂದೇ ಪಾಠ ಮಾಡಿ ತೋರಿಸಬೇಕು, ಯಾರದು ಚೆನ್ನಾಗಿದೆಯೋ ಅವರಿಗೆ ಕೆಲಸ. ಪಾಠ ಯಾವುದು ಎಂದು ಎಂಟು ದಿನ ಮೊದಲೇ ಹೇಳಿದ್ದರು. ಅವಳ ನೋಟ್‌ಬುಕ್ಕಿನಿಂದ ನೋಡಿ ಲೆಕ್ಕವನ್ನು ಇಲ್ಲಿ ಇಳಿಸಿದ್ದೇನೆ:

x dy/dx + 2y = x² log x

ಎಂಟು ದಿನವೂ ಅವಳು ಅಡುಗೆಮನೆಯ ಬಂಡೆಯ ಮೇಲೆ ಇದನ್ನೇ ಬರೆದಳು. ಚಾಕ್‌ಪೀಸು ನಾನು ತಂದದ್ದು. ಕ್ಲಾಸಿನಲ್ಲಿ ಕೆಳಗೆ ಬಿದ್ದ ತುಂಡುಗಳನ್ನು ಸೆರಗಿನ ತುದಿಗೆ ಗಂಟು ಕಟ್ಟಿ ತರುತ್ತಿದ್ದೆ. ಅವಳು ಬರೆಯುವುದು, ನಾನು ರೊಟ್ಟಿ ಬಡಿಯುತ್ತ ನೋಡುವುದು. ನನಗೆ ಹೇಳಿದರೆ ಮಕ್ಕಳಿಗೂ ತಿಳಿಯುತ್ತದೆ ಎಂಬುದು ಅವಳ ಎಣಿಕೆ. ನಾನು ಅಷ್ಟು ಮೊದ್ದು ಎಂದು ಅರ್ಥ. ಇರಲಿ.

"ಅಮ್ಮಾ, ಮೊದಲ ಏನ್ ಮಾಡಬೇಕು ಹೇಳು?"

"ಎಕ್ಸಿನಿಂದ ಭಾಗಿಸಬೇಕು."

"ಎಲ್ಲಿ?"

"ಎಡಕ್ಕ."

"ಬರೇ ಎಡಕ್ಕಲ್ಲ, ಬಲಕ್ಕೂ! ಎಲ್ಲಾರೂ ಇಲ್ಲೇ ಜಾರತಾರ. ಎಡಕ್ಕ ಭಾಗಿಸಿ ಬಲಕ್ಕ ಮರೀತಾರ. ಬಲಕ್ಕ x² ಇದ್ದದ್ದು x ಆಕ್ಕೈತಿ. ಇದನ್ನ ಮರತರ ಮುಂದ ಎಲ್ಲಾ ಹಾಳ."

ಭಾಗಿಸಿದ ಮೇಲೆ y ಜೊತೆಗೆ 2/x ಉಳಿಯುತ್ತದೆ. ಅದರಿಂದ ಇಂಟಿಗ್ರೇಟಿಂಗ್ ಫ್ಯಾಕ್ಟರ್ ಎಂಬ ಒಂದು ಗುಣಕವನ್ನು ತೆಗೆಯುತ್ತಾರೆ. ಈ ಲೆಕ್ಕದಲ್ಲಿ ಅದು x². ಇಡೀ ಸಾಲನ್ನು ಅದರಿಂದ ಗುಣಿಸಿದರೆ ಎಡಗಡೆಯ ಎರಡು ತುಂಡು ಕೂಡಿ ಒಂದಾಗುತ್ತವೆ: x²y ಎಂಬುದರ ಡೆರಿವೇಟಿವ್. ಎಡಗಡೆಯ ಕೆಲಸ ಅಲ್ಲಿಗೆ ಮುಗಿಯಿತು. ಉಳಿದ ಭಾರವೆಲ್ಲ ಬಲಗಡೆಗೆ ಬೀಳುತ್ತದೆ. ಅಲ್ಲಿ ಎರಡೂ ತುದಿ ಬಾಗಿದ ಉದ್ದ ಕೊಕ್ಕೆ ಹಾಕಿ, ಒಳಗೆ x³ log x ಎಂದು ಬರೆಯುತ್ತಿದ್ದಳು. ಆ ಕೊಕ್ಕೆಗೆ ಇಂಟಿಗ್ರಲ್ ಎನ್ನುತ್ತಾರೆ.

"ಲೆಕ್ಕ ಅಂದ್ರ ಇದ ನೋಡಮ್ಮಾ. ಮೇಲಿಂದೆಲ್ಲಾ ಬಾಯಿಪಾಠ ಮಾಡಿ ಬರೀಬಹುದು. ಈ ಇಂಟಿಗ್ರಲ್ ಮಾತ್ರ ಕೈಯಾರೆ ಬಿಡಿಸಬೇಕು."

log ಅನ್ನು ಒಂದು ಕಡೆ, x³ ಅನ್ನು ಇನ್ನೊಂದು ಕಡೆ ಹಿಡಿದು ಬಿಡಿಸಿದರೆ (x⁴/4) log x ಬರುತ್ತದೆ, ಅದರಲ್ಲಿ x⁴/16 ಕಳೆಯಬೇಕು, ಕೊನೆಗೆ ಒಂದು C ಕೂಡಿಸಬೇಕು. ಬಿಡಿಸಿದ್ದನ್ನು ತಿರುಗಿ ಡೆರಿವೇಟಿವ್ ಮಾಡಿ, ಕೊಕ್ಕೆಯೊಳಗಿನದೇ ಹೊರಗೆ ಬಂತೋ ಇಲ್ಲವೋ ನೋಡುತ್ತಿದ್ದಳು. ಪ್ರತಿ ಸಲವೂ ಬರುತ್ತಿತ್ತು. ನನಗೆ ಅರ್ಥವಾದದ್ದು ಕಡಿಮೆ. ಆದರೆ ಎಂಟು ದಿನ ನೋಡಿದ ಕಣ್ಣಿಗೆ ಒಂದು ಗೊತ್ತಿತ್ತು: ಕೊಕ್ಕೆಯ ಒಳಗಿನ ಎಕ್ಸಿನ ತಲೆಯ ಮೇಲೆ ಮೂರು ಕೂತಿರುತ್ತದೆ.

ಆ ದಿನ ಕಾಲೇಜಿಗೆ ರಜೆ. ಕೋಣೆಯೊಳಗೆ ಸೆಕ್ರೆಟರಿ, ಅವರ ಅಕ್ಕನ ಮಗ, ನೀರಿನ ತಂಬಿಗೆ ಹಿಡಿದು ಮೂಲೆಯಲ್ಲಿ ನಾನು. ಮೊಮ್ಮಗಳನ್ನು ಆಫೀಸಿನಲ್ಲಿ ಕೂರಿಸಿದ್ದರು. ಪಾಠ ತೂಗಿ ನೋಡಲು ಕುಷ್ಟಗಿಯಿಂದ ನಿವೃತ್ತ ಗಣಿತ ಮಾಸ್ತರೊಬ್ಬರು ಬರಬೇಕಿತ್ತು, ಅವರ ಬಸ್ಸು ತಡವಾಗಿತ್ತು. ಸೆಕ್ರೆಟರಿಯೇ ಹೇಳಿದರು: "ನಡಿ ನೀ ಶುರು ಮಾಡು. ಬರದದ್ದು ಬೋರ್ಡಿನ ಮ್ಯಾಲ ಇರತೈತಿ, ಮಾಸ್ತರ್ ಬಂದು ನೋಡತಾರ."

ಹುಡುಗ ಬರೆದ. ದೊಡ್ಡ ದನಿ, ದುಂಡು ಅಕ್ಷರ. ಎಡಗಡೆ ಒಂದಾಯಿತು, ಕೊಕ್ಕೆ ಬಂತು. ಕೊಕ್ಕೆಯ ಒಳಗೆ ಎಕ್ಸಿನ ತಲೆಯ ಮೇಲೆ ನಾಲ್ಕು ಕೂತಿತ್ತು. ಮುಂದೆ ಐದು, ಇಪ್ಪತ್ತೈದು ಎಂದೆಲ್ಲ ಬರೆದು, ಕೆಳಗೆ ಎರಡು ಗೆರೆ ಎಳೆದು ಕೈ ಝಾಡಿಸಿದ.

ಅಷ್ಟರಲ್ಲಿ ಹೊರಗೆ ಆಟೋ ನಿಂತ ಸಪ್ಪಳ. ಮಾಸ್ತರು ಬಂದಿದ್ದರು. ಸೆಕ್ರೆಟರಿ ಎದ್ದು ಪಡಸಾಲೆಗೆ ಹೋಗುತ್ತ ನನ್ನ ಕಡೆ ತಿರುಗಿದರು.

"ಯವ್ವಾ, ಬೋರ್ಡ್ ಒರಸಿ ಬಿಡು."

"ಮಾಸ್ತರು ನೋಡಬೇಕಂದ್ರಲ್ರಿ, ಸಾಹೇಬ್ರ?"

"ಅವರಿಗೆ ನಾ ಹೇಳತೀನಿ. ಮುಂದಿನ ಪಾಳಿ ನಿನ್ನ ಮೊಮ್ಮಗಳದ್ದು ಐತಿ. ಅಕಿಗೆ ಸ್ವಚ್ಛ ಬೋರ್ಡ್ ಬ್ಯಾಡೇನು?"

ನಾನು ಒದ್ದೆ ಬಟ್ಟೆ ತೆಗೆದುಕೊಂಡೆ. ಮೇಲಿನಿಂದ ಕೆಳಕ್ಕೆ ಒರೆಸಿದೆ. ನಾಲ್ಕರ ಹತ್ತಿರ ಬಂದಾಗ ಕೈ ನಿಂತಿತು. ಆಗ ನನಗೆ ತಿಳಿದಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅನುಮಾನ ಬಂದಿತ್ತು. ಓದಿದವನು, ಬೇರೆ ದಾರಿಯಲ್ಲಿ ಮಾಡಿರಬಹುದು ಎಂದುಕೊಂಡೆ. ನಾಲ್ಕನೆಯ ತರಗತಿಯವಳು ಹೋಗಿ ಏನೆಂದು ಹೇಳಲಿ ಎಂದುಕೊಂಡೆ. ಮಾಡಿಕೊಂಡು ತಿನ್ನುವ ಕೆಲಸ ಹೋದೀತು ಎಂದೂ ಅಂದುಕೊಂಡೆ. ಇಷ್ಟೆಲ್ಲ ಅಂದುಕೊಳ್ಳಲು ಎಷ್ಟು ಹೊತ್ತು ಬೇಕು? ಒಂದು ಉಸಿರು. ಒರೆಸಿಬಿಟ್ಟೆ.

ಮಾಸ್ತರು ಒಳಗೆ ಬಂದರು. ವಯಸ್ಸಾದವರು, ಕೈಯಲ್ಲಿ ಕೊಡೆ. ಖಾಲಿ ಬೋರ್ಡ್ ನೋಡಿ ಹುಬ್ಬು ಏರಿಸಿದರು.

"ಮೊದಲ್ನೇದವನದು ಎಲ್ಲೈತ್ರಿ?"

"ಛಲೋ ಮಾಡಿದ್ರಿ ಸರ್, ಉತ್ತರಾನೂ ಬರೋಬ್ಬರಿ ಬಂತು," ಎಂದರು ಸೆಕ್ರೆಟರಿ. "ನಮ್ಮ ಯವ್ವ ಒರಸಿ ಬಿಟ್ಟಾಳ. ಅಕಿಗೆ ಬೋರ್ಡ್ ಕಂಡ್ರ ಕೈ ತಡಿಯಾಂಗಿಲ್ಲ."

ಮಾಸ್ತರು ನಕ್ಕರು. ನಾನೂ ನಕ್ಕೆ.

ಮೊಮ್ಮಗಳು ಬಂದು ಪಾಠ ಮಾಡಿದಳು. ಎರಡೂ ಕಡೆ ಭಾಗಿಸಿದಳು. ಗುಣಕ ತೆಗೆಯುವಾಗ ಮಾಸ್ತರು ನಡುವೆ ತಡೆದರು.

"ಅಲ್ಲವಾ, ಇಲ್ಲೂ ಒಂದು ಇಂಟಿಗ್ರಲ್ ಮಾಡಿದೆಲ್ಲ. ಇದಕ್ಕ C ಎಲ್ಲಿ?"

"ಇಲ್ಲಿ ಬ್ಯಾಡ್ರಿ ಸರ್. ಹಾಕಿದ್ರ ಎರಡೂ ಕಡಿ ಒಂದ ಅಂಕಿಯಿಂದ ಗುಣಿಸಿದಂಗ ಆಕ್ಕೈತಿ, ಹೊಡದು ಹೋಕ್ಕೈತಿ. ಮುಂದ ಬಲಗಡೆ ಇಂಟಿಗ್ರಲ್ ಬಿಡಿಸಿದಾಗ ಮಾತ್ರ C ಬೇಕ್ರಿ. ಅಲ್ಲಿ ಬಿಟ್ರ ಉತ್ತರ ಪೂರಾ ಆಗಂಗಿಲ್ಲ."

"ಶಾಭಾಸ್. ಬಿಡಸು ಮತ್ತ."

ಬಿಡಿಸಿದಳು. ಅವಸರ ಮಾಡಲಿಲ್ಲ. ತಿರುಗಿ ಡೆರಿವೇಟಿವ್ ಮಾಡಿ x³ log x ಹೊರಗೆ ಬಂದದ್ದನ್ನು ತೋರಿಸಿದಳು. ಮಾಸ್ತರು ಕೊಡೆಯ ಹಿಡಿಯಿಂದ ಬೆಂಚು ಕುಟ್ಟಿದರು. ಕೆಲಸ ಅವಳದೇ ಎಂದು ನಾನು ತಂಬಿಗೆ ಹಿಡಿದ ಕೈಯಲ್ಲೇ ದೇವರಿಗೆ ಮುಗಿದೆ.

ಸಂಜೆ ಹೇಳಿ ಕಳಿಸಿದರು. ಉತ್ತರ ಇಬ್ಬರದೂ ಸರಿ, ಹುಡುಗನ ದನಿ ಕ್ಲಾಸಿಗೆ ಚೆನ್ನಾಗಿ ಕೇಳಿಸುತ್ತದೆ, ಹಾಗಾಗಿ ಹುಡುಗನಿಗೆ. ಕಾಗದದ ಮೇಲೆ ಮಾಸ್ತರರ ಸಹಿಯೂ ಇತ್ತು. ಒಬ್ಬರ ಪಾಠ ನೋಡಿ ಇಬ್ಬರಿಗೆ ಸಹಿ ಮಾಡಿ ಬಸ್ಸು ಹತ್ತಿದ್ದರು. ಶಾಭಾಸ್ ಎಂದ ಬಾಯಿಯೂ ಅಷ್ಟೇ.

ಮೊಮ್ಮಗಳು ಅಳಲಿಲ್ಲ. ಒಲೆಯ ಮುಂದೆ ಕೂತು, "ಆಗಲಿ ಬಿಡಮ್ಮಾ, ಅವಂದೂ ಸರಿ ಇದ್ರ ಏನ್ ಮಾಡೂಣು," ಎಂದಳು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಅವನ ಕೊಕ್ಕಿಯೊಳಗ ನಾಕು ಇತ್ತವಾ."

"ಏನು?"

"ಎಕ್ಸಿನ ತಲಿ ಮ್ಯಾಲ. ನಿಂದು ಮೂರು ಇರತಿತ್ತು. ಅವಂದು ನಾಕು."

ಬಂಡೆಯ ಮೇಲೆ ಬೆರಳಿನಿಂದಲೇ ಬರೆದು ನೋಡಿದಳು. "ಬಲಕ್ಕ ಭಾಗಿಸಿಲ್ಲ ಅಂವ. x² ಹಂಗ ಇಟ್ಟಾನ. ಅದಕ್ಕ ನಾಕಾಗೇತಿ. ಮುಂದಿಂದೆಲ್ಲಾ ತಪ್ಪು!" ಎದ್ದು ನಿಂತಳು. "ಯಾರ್ ನೋಡ್ಯಾರ ಅದನ್ನ? ಮಾಸ್ತರು ನೋಡಲಿಲ್ಲೇನು?"

"ಇಲ್ಲ. ನಾ ನೋಡೀನಿ."

"ಬೋರ್ಡ್ ಮ್ಯಾಲ ಇತ್ತಲ್ಲ?"

"ಒರಸಿದೆ."

"ಯಾರು?"

"ನಾನ."

ಅವಳು ನನ್ನ ಕೈಯನ್ನು ನೋಡಿದಳು, ಮುಖವನ್ನಲ್ಲ. ನಾಲ್ಕು ಬೈಗುಳ ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲ. ಮರುದಿನ ಸೆಕ್ರೆಟರಿಯ ಹತ್ತಿರ ಹೋದಳು. "ಪುರಾವೆ ಏನೈತವ್ವಾ? ನಾಕನೇ ಕ್ಲಾಸ್ ಕಲಿತ ನಿಮ್ಮಜ್ಜಿ ಸಾಕ್ಷಿ ಏನು?" ಎಂದು ಕೇಳಿ ಕಳಿಸಿದರಂತೆ. ಕೇಳಿದ್ದರಲ್ಲಿ ತಪ್ಪೇನಿಲ್ಲ. ಪುರಾವೆ ನಾನು ಹಿಂಡಿ ಚೆಲ್ಲಿದ ನೀರಿನಲ್ಲಿ ಹೋಗಿತ್ತು.

ಕಾಲೇಜು ಶುರುವಾಗಿ ಕೆಲವು ತಿಂಗಳಿಗೆ ಆ ಹುಡುಗ ಎರಡನೆಯ ವರ್ಷದ ಮಕ್ಕಳಿಗೆ ಅದೇ ಲೆಕ್ಕ ಹಾಕಿಕೊಟ್ಟ. ನಾನು ಒರೆಸಲು ಹೋದಾಗ ನಾಲ್ಕು ಅದೇ ಜಾಗದಲ್ಲಿ ಕೂತಿತ್ತು. ಮಕ್ಕಳು ತಲೆ ಬಗ್ಗಿಸಿ ಇಳಿಸಿಕೊಳ್ಳುತ್ತಿದ್ದರು. ಅವತ್ತು ಒರೆಸಲಿಲ್ಲ. ಯಾರಾದರೂ ನೋಡಲಿ ಎಂದು ಬಟ್ಟೆಯನ್ನು ಬಕೀಟಿನಲ್ಲೇ ಬಿಟ್ಟು ಬಾಗಿಲ ಹತ್ತಿರ ನಿಂತೆ. ಕೆಮಿಸ್ಟ್ರಿ ಮಾಸ್ತರು ಬಂದರು.

"ಏನ್ ಯವ್ವಾ, ಬೋರ್ಡ್ ಹಂಗ ಐತಿ?"

"ಅಲ್ಲಿ ತಪ್ಪೈತ್ರಿ ಸರ್. ನಾಕಲ್ಲ, ಮೂರು ಬರಬೇಕು."

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಮಾಸ್ತರೂ ನಕ್ಕರು. "ನೀ ಯಾವಾಗ ಎಂ.ಎಸ್ಸಿ. ಮಾಡಿದಿ? ಒರಸು, ಒರಸು, ನನ್ನ ಟೈಮ್ ಹೋಕ್ಕೈತಿ."

ಒರೆಸಿದೆ.

ಮೊಮ್ಮಗಳು ಈಗ ಭಾಗ್ಯನಗರದಲ್ಲೇ ಒಂದು ಬಾಡಿಗೆ ಕೋಣೆಯಲ್ಲಿ ಟ್ಯೂಷನ್ ಹೇಳುತ್ತಾಳೆ. ನಮ್ಮ ಕಾಲೇಜಿನ ಮಕ್ಕಳೇ ಅವಳ ಹತ್ತಿರ ಬರುತ್ತಾರೆ, ನಾಲ್ಕನ್ನು ಅಳಿಸಿ ಮೂರು ಬರೆದುಕೊಂಡು ಹೋಗುತ್ತಾರೆ. ನನ್ನ ಜೊತೆ ಉಣ್ಣುತ್ತಾಳೆ, ಔಷಧಿ ತಂದುಕೊಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಅಡುಗೆಮನೆಯ ಬಂಡೆಯ ಮೇಲೆ ಮಾತ್ರ ಅವತ್ತಿನಿಂದ ಏನೂ ಬರೆದಿಲ್ಲ. ನಾನು ಹಳೆಯ ರೂಢಿಯಂತೆ ಚಾಕ್‌ಪೀಸಿನ ತುಂಡುಗಳನ್ನು ಸೆರಗಿಗೆ ಕಟ್ಟಿಕೊಂಡು ಬಂದು ಕಪಾಟಿನ ಡಬ್ಬಿಯಲ್ಲಿ ಹಾಕುತ್ತೇನೆ. ಡಬ್ಬಿ ತುಂಬಿದೆ. ಅವಳು ಟ್ಯೂಷನ್ನಿಗೆ ಅಂಗಡಿಯಿಂದ ಚಾಕ್‌ಪೀಸಿನ ಹೊಸ ಬಾಕ್ಸ್ ಕೊಂಡು ತರುತ್ತಾಳೆ.